ಡಬಲ್ ಎಂಟ್ರಿ ಪಾಠವನ್ನು ಎರಡು ಪುಟದ ಕನ್ನಡ ಸಾರಾಂಶ ಮಾಡಿಕೊಳ್ಳುವುದು ಹೇಗೆ?

ಬಿ.ಕಾಂ ಮೊದಲ ವರ್ಷದ ಹುಡುಗಿಯೊಬ್ಬಳು ತಾನೇ ಬರೆದ ಸಾರಾಂಶ ತಂದು ತೋರಿಸಿದಳು. ಪಿಯುಸಿವರೆಗೆ ಕನ್ನಡ ಮಾಧ್ಯಮ, ಈಗ ಪಾಠವೆಲ್ಲ ಇಂಗ್ಲಿಷ್‌ನಲ್ಲಿ. ಬೋರ್ಡ್ ಮೇಲೆ ಇದ್ದದ್ದು ಇಷ್ಟು: `Cash A/c Dr. To Capital A/c`. ಆಕೆ ಕನ್ನಡದಲ್ಲಿ ಬರೆದಿದ್ದು: "ನಗದು ಖಾತೆಯಿಂದ ಬಂಡವಾಳ ಖಾತೆಗೆ ಹಣ ಹೋಯಿತು." ಅಕ್ಷರ ಮುದ್ದಾಗಿತ್ತು, ಕೆಳಗೆ ಗೆರೆ ಎಳೆದಿದ್ದಳು. ಅರ್ಥ ಮಾತ್ರ ಪೂರ್ತಿ ಉಲ್ಟಾ. ಅಂಗಡಿಗೆ ಹಣ ಬಂದಿತ್ತು, ಎಲ್ಲಿಗೂ ಹೋಗಿರಲಿಲ್ಲ.

ತಪ್ಪು ಆಕೆಯದಲ್ಲ. ಆ "ಟು" ಎಂಬ ಪದಕ್ಕೆ ಇಲ್ಲಿ "ಗೆ" ಅಥವಾ "ಕ್ಕೆ" ಎಂಬ ಅರ್ಥವೇ ಇಲ್ಲ. ಅದರ ಮುಂದಿರುವ ಖಾತೆಯನ್ನು ಕ್ರೆಡಿಟ್ ಮಾಡಿ ಎಂದು ತೋರಿಸುವ ಹಳೆಯ ರೂಢಿ ಅದು, ಅಷ್ಟೇ. ಡಬಲ್ ಎಂಟ್ರಿ ಪಾಠವನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಲು ಹೊರಟರೆ ಇಂಥ ಗುಂಡಿಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಅದಕ್ಕೆ ನಾನು ಹೇಳಿಕೊಡುವ ದಾರಿ ಬೇರೆ. ಪಾಠದಲ್ಲಿ ಬಂದ ಒಂದು ಉದಾಹರಣೆಯನ್ನು ಮೊದಲಿಂದ ಕೊನೆವರೆಗೆ ಇಡಿಯಾಗಿ ಹಿಡಿಯಿರಿ. ಅದನ್ನೇ ನಿಮ್ಮ ಮಾತಿನಲ್ಲಿ ಕಟ್ಟಿ. ನಿಯಮಗಳು ಅದರ ಪಕ್ಕದಲ್ಲಿ ಬಂದು ಕೂರುತ್ತವೆ.

ತರಗತಿಯಲ್ಲಿ ಏನು ಬರೆದುಕೊಳ್ಳಬೇಕು

ಮೊದಲ ಹತ್ತು ನಿಮಿಷ ಸಾಮಾನ್ಯವಾಗಿ ಇತಿಹಾಸ. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಾಚೋಲಿ ಎಂಬ ಸನ್ಯಾಸಿ ಈ ಪದ್ಧತಿಯನ್ನು ವಿವರಿಸಿ ಅಚ್ಚು ಹಾಕಿಸಿದ. ಅವನೇ ಕಂಡುಹಿಡಿದದ್ದಲ್ಲ, ಇಟಲಿಯ ವ್ಯಾಪಾರಿಗಳು ಅದಕ್ಕೂ ಮೊದಲೇ ಹೀಗೆ ಲೆಕ್ಕ ಇಡುತ್ತಿದ್ದರು. ಸಾರಾಂಶದಲ್ಲಿ ಇದಕ್ಕೆ ಒಂದು ಸಾಲು ಸಾಕು.

ಆಮೇಲೆ ವ್ಯಾಖ್ಯೆಗಳು ಬರುತ್ತವೆ. ಅವು ಪುಸ್ತಕದಲ್ಲಿ ಇದ್ದೇ ಇವೆ, ಓಡೋಡಿ ಬರೆಯುವ ಅಗತ್ಯವಿಲ್ಲ. ಪುಸ್ತಕದಲ್ಲಿ ಸಿಗದೇ ಇರುವುದು ಎರಡು. ಒಂದು, ಮೇಷ್ಟ್ರು ಬೋರ್ಡ್ ಮೇಲೆ ಮಾಡಿಸುವ ಲೆಕ್ಕ. ಇನ್ನೊಂದು, ಮಾಡಿಸುವಾಗ ಅವರು ಬಾಯಲ್ಲಿ ಹೇಳುವ ಕಾರಣ. ಹಾಗಾಗಿ ಹಾಳೆಯನ್ನು ಮೂರು ಅಂಕಣ ಮಾಡಿ. ಮೊದಲನೆಯದರಲ್ಲಿ ತಾರೀಖು, ಏನು ನಡೆಯಿತು, ಎಷ್ಟು ರೂಪಾಯಿ. ಎರಡನೆಯದರಲ್ಲಿ ಯಾವ ಎರಡು ಖಾತೆ. ಮೂರನೆಯದರಲ್ಲಿ "ಯಾಕೆ". ಕಾರಣ ಹಿಡಿಯಲು ಆಗದಿದ್ದರೆ ಅಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ಆದರೆ ಮೊತ್ತವನ್ನು ಮಾತ್ರ ಬಿಡಬೇಡಿ. ಒಂದೇ ಒಂದು ಮೊತ್ತ ತಪ್ಪಿಹೋದರೂ ಸಂಜೆ ಇಡೀ ಲೆಕ್ಕ ಕೈಕೊಡುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಕಾಲೇಜಿನ ಎದುರು ಒಬ್ಬಾಕೆ ನೋಟ್‌ಬುಕ್ ಅಂಗಡಿ ತೆರೆಯುತ್ತಾಳೆ. ಜೂನ್ ತಿಂಗಳಲ್ಲಿ ನಡೆದದ್ದು ಇಷ್ಟು:

| ತಾರೀಖು | ಏನು ನಡೆಯಿತು | ರೂ. |
|---|---|---|
| 1 | ತನ್ನ ಹಣ ಹಾಕಿ ಅಂಗಡಿ ಶುರು ಮಾಡಿದಳು | 50,000 |
| 2 | ಅದರಲ್ಲಿ ಸ್ವಲ್ಪ ಬ್ಯಾಂಕಿಗೆ ಕಟ್ಟಿದಳು | 30,000 |
| 3 | ಹೋಲ್‌ಸೇಲ್ ಅಂಗಡಿಯಿಂದ ಸಾಲದ ಮೇಲೆ ಸರಕು ತಂದಳು | 18,000 |
| 10 | ನಗದಿಗೆ ಮಾರಿದಳು | 9,000 |
| 14 | ಟ್ಯೂಷನ್ ಸೆಂಟರ್‌ಗೆ ಉದ್ರಿ ಕೊಟ್ಟಳು | 4,000 |
| 20 | ಹೋಲ್‌ಸೇಲ್ ಅಂಗಡಿಗೆ ಚೆಕ್ ಕೊಟ್ಟಳು | 10,000 |
| 28 | ಮನೆ ಖರ್ಚಿಗೆ ಗಲ್ಲಾಪೆಟ್ಟಿಗೆಯಿಂದ ತೆಗೆದಳು | 1,500 |
| 30 | ಅಂಗಡಿ ಬಾಡಿಗೆ ನಗದಾಗಿ ಕೊಟ್ಟಳು | 3,000 |

ಮೊದಲು ಕಥೆ, ಆಮೇಲೆ ಡೆಬಿಟ್ ಕ್ರೆಡಿಟ್

ಪಾಠ ಕೇಳಿದ ದಿನವೇ ಕೂತುಕೊಳ್ಳಿ. ಎರಡು ದಿನ ಬಿಟ್ಟರೆ ಮೂರನೇ ಅಂಕಣದ ಅರ್ಧ ಮಾತು ನಿಮಗೇ ತಿಳಿಯುವುದಿಲ್ಲ.

ಒಂದೊಂದು ವ್ಯವಹಾರವನ್ನೂ ಮನೆಯಲ್ಲಿ ಅಮ್ಮನಿಗೆ ಹೇಳುವ ಹಾಗೆ ಬರೆಯಿರಿ. ಈಗಲೇ ಡೆಬಿಟ್, ಕ್ರೆಡಿಟ್ ಬೇಡ. ಏನು ಬಂತು, ಅದು ಎಲ್ಲಿಂದ ಬಂತು, ಈ ಎರಡೇ ಪ್ರಶ್ನೆ. 1ನೇ ತಾರೀಖು: ಗಲ್ಲಾಕ್ಕೆ 50,000 ಬಂತು, ಮಾಲೀಕಳಿಂದ ಬಂತು. 2ನೇ ತಾರೀಖು: ಬ್ಯಾಂಕಿನಲ್ಲಿ 30,000 ಆಯಿತು, ಗಲ್ಲಾದಿಂದ ಹೋಗಿ ಆಯಿತು. 3ನೇ ತಾರೀಖು: 18,000ದ ಸರಕು ಬಂತು, ಹೋಲ್‌ಸೇಲ್ ಅಂಗಡಿಯಿಂದ ಬಂತು, ಅವರಿಗೆ ಹಣ ಕೊಡುವುದಿದೆ.

ನೋಡಿ, ಪ್ರತಿ ಸಾಲಿನಲ್ಲೂ ಎರಡು ಭಾಗ ತಾನಾಗಿ ಬಂತಲ್ವಾ? "ಡಬಲ್" ಅಂದರೆ ಇಷ್ಟೇ. ಒಂದೇ ಘಟನೆಯನ್ನು ಎರಡು ಕಡೆಯಿಂದ ನೋಡಿ, ಎರಡು ಖಾತೆಯಲ್ಲಿ ಒಂದೇ ಮೊತ್ತ ಬರೆಯುವುದು. ಒಂದು ವ್ಯವಹಾರವನ್ನು ಎರಡು ಸಲ ಬರೆಯುವುದು ಎಂದು ಸಾರಾಂಶದಲ್ಲಿ ಬರೆಯಬೇಡಿ. ಅದನ್ನು ಓದಿದವರು ನಗದು ಖಾತೆಯಲ್ಲೇ 50,000ವನ್ನು ಎರಡು ಸಲ ಬರೆದದ್ದನ್ನು ನಾನು ನೋಡಿದ್ದೇನೆ.

ಇಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ಲೆಕ್ಕ ಬರೆಯುತ್ತಿರುವುದು ಅಂಗಡಿಯದು, ಅಂಗಡಿಯ ಒಡತಿಯದಲ್ಲ. ಆಕೆ ಹಾಕಿದ 50,000 ಅಂಗಡಿಯ ಲೆಕ್ಕದಲ್ಲಿ ಆಕೆಗೆ ಕೊಡಬೇಕಾದ ಬಾಕಿ ಇದ್ದ ಹಾಗೆ. ಇದನ್ನು ಸ್ಪಷ್ಟವಾಗಿ ಬರೆದುಕೊಳ್ಳದಿದ್ದರೆ ಬಂಡವಾಳ ಯಾಕೆ ಸಾಲದ ಕಡೆ ಕೂರುತ್ತದೆ ಎಂದು ವರ್ಷಪೂರ್ತಿ ಗೊಂದಲ. 28ನೇ ತಾರೀಖು ಮನೆಗೆ ಒಯ್ದ 1,500 ಅಂಗಡಿಯ ಖರ್ಚಲ್ಲ. ಅಂಗಡಿ ಆಕೆಗೆ ಕೊಡಬೇಕಾದದ್ದರಲ್ಲಿ ಅಷ್ಟು ಕಡಿಮೆಯಾಯಿತು. ಅದಕ್ಕೆ "ಡ್ರಾಯಿಂಗ್ಸ್" ಎಂಬ ಬೇರೆ ಖಾತೆ.

ಯಾವ ಪದ ಕನ್ನಡ, ಯಾವ ಪದ ಹಾಗೇ

ಬಂಡವಾಳ, ಆಸ್ತಿ, ಸಾಲ, ಖರೀದಿ, ಮಾರಾಟ, ಬಾಡಿಗೆ, ನಗದು, ಬಾಕಿ. ಇವೆಲ್ಲ ನಮ್ಮ ಬಾಯಲ್ಲೇ ಇರುವ ಪದಗಳು, ಧಾರಾಳವಾಗಿ ಬಳಸಿ. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಂಬ ಹೆಸರುಗಳನ್ನು ಹಾಗೇ ಬಿಡಿ. ಪರೀಕ್ಷೆಯಲ್ಲಿ ಅದೇ ಹೆಸರು ಬರುತ್ತದೆ. ತಾಳೆಪಟ್ಟಿ ಎಂಬ ಕನ್ನಡ ಪದ ಚೆನ್ನಾಗಿದೆ, ಏನು ಕೆಲಸ ಅಂತ ಪದವೇ ಹೇಳುತ್ತದೆ. ಟ್ರಯಲ್ ಬ್ಯಾಲೆನ್ಸ್ ಪಕ್ಕದಲ್ಲಿ ಒಂದು ಸಲ ಅದನ್ನು ಬರೆದಿಡಿ.

ಡೆಬಿಟ್ ಮತ್ತು ಕ್ರೆಡಿಟ್ ವಿಷಯದಲ್ಲಿ ಮಾತ್ರ ನನ್ನದು ಗಟ್ಟಿ ಅಭಿಪ್ರಾಯ. ಇವೆರಡನ್ನು ಅನುವಾದ ಮಾಡಬೇಡಿ. ಕನ್ನಡದ ಲೆಕ್ಕದ ಪುಸ್ತಕಗಳಲ್ಲಿ ಡೆಬಿಟ್‌ಗೆ ಖರ್ಚು, ಕ್ರೆಡಿಟ್‌ಗೆ ಜಮಾ ಎಂಬ ಪದಗಳಿವೆ. ಆದರೆ ಕಲಿಯುವ ಹುಡುಗರ ಮನಸ್ಸಿನಲ್ಲಿ ಖರ್ಚು ಅಂದರೆ ಕೈಯಿಂದ ಹೋದ ಹಣ. ಜಮಾ ಅಂದರೆ ಬಂದ ಹಣ. ಈಗ 1ನೇ ತಾರೀಖು ನೋಡಿ. ನಗದು ಬಂದಿದೆ, ಆದರೆ ನಗದು ಖಾತೆ ಡೆಬಿಟ್. ಅಂದರೆ "ನಗದು ಖಾತೆಗೆ ಖರ್ಚು" ಎಂದು ಬರೆಯಬೇಕಾಗುತ್ತದೆ. ಓದಿದವರು ತಲೆ ಕೆರೆದುಕೊಳ್ಳುವುದಿಲ್ಲವೇ?

ಹಳೆಯ ಅಂಗಡಿಗಳ ಕಿರ್ದಿ ಪುಸ್ತಕ ನೋಡಿ ಬೆಳೆದವರಿಗೆ ಇದು ಇನ್ನೂ ಕಷ್ಟ. ಕಿರ್ದಿಯಲ್ಲಿ ಎಡಗಡೆ ಜಮಾ, ಅಲ್ಲಿ ಬಂದ ಹಣ. ಬಲಗಡೆ ಖರ್ಚು, ಅಲ್ಲಿ ಹೋದ ಹಣ. ಕಾಲೇಜಿನ ಕ್ಯಾಶ್ ಬುಕ್‌ನಲ್ಲೂ ಬಂದ ಹಣ ಎಡಗಡೆಯೇ, ಆದರೆ ಆ ಕಡೆಯ ಹೆಸರು ಡೆಬಿಟ್. ಎರಡರಲ್ಲಿ ಯಾವುದೂ ತಪ್ಪಲ್ಲ. ಕಿರ್ದಿ ಬರೆಯುವವರು ಹಣ ಕೊಟ್ಟವರ ಹೆಸರಿಗೆ ಜಮಾ ಹಾಕುತ್ತಾರೆ, ಅಂದರೆ ಎದುರಿನ ಖಾತೆಯ ಕಡೆಯಿಂದ ನೋಡುತ್ತಾರೆ. ಕ್ಯಾಶ್ ಬುಕ್ ನಗದಿನ ಕಡೆಯಿಂದ ನೋಡುತ್ತದೆ. ನಿಮ್ಮ ತಂದೆಯ ಅಂಗಡಿಯಲ್ಲಿ ಕಿರ್ದಿ ಇದ್ದರೆ ಈ ನಾಲ್ಕು ಸಾಲನ್ನು ಸಾರಾಂಶದಲ್ಲಿ ಹಾಕಿಕೊಳ್ಳಿ. ಇಲ್ಲದವರು ಬಿಟ್ಟುಬಿಡಿ.

ಸಾರಾಂಶದಲ್ಲಿ ಹೀಗೆ ಬರೆದರೆ ಸಾಕು: ಡೆಬಿಟ್ ಅಂದರೆ ಖಾತೆಯ ಎಡಗಡೆ, ಕ್ರೆಡಿಟ್ ಅಂದರೆ ಬಲಗಡೆ. ಒಳ್ಳೆಯದು ಕೆಟ್ಟದ್ದು, ಬಂದದ್ದು ಹೋದದ್ದು ಎಂಬ ಅರ್ಥ ಆ ಪದಗಳಿಗೆ ಇಲ್ಲ. ಆಸ್ತಿ ಮತ್ತು ಖರ್ಚು ಜಾಸ್ತಿಯಾದರೆ ಎಡಗಡೆ. ಸಾಲ, ಬಂಡವಾಳ, ಆದಾಯ ಜಾಸ್ತಿಯಾದರೆ ಬಲಗಡೆ. ಕಡಿಮೆಯಾದರೆ ಅದರ ಎದುರು ಕಡೆ.

ಕೆಲವು ಮೇಷ್ಟ್ರು ಇದರ ಜೊತೆಗೆ ಹಳೆಯ ಮೂರು ನಿಯಮಗಳನ್ನೂ ಹೇಳುತ್ತಾರೆ: ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್; ಒಳಗೆ ಬಂದದ್ದಕ್ಕೆ ಡೆಬಿಟ್, ಹೊರಗೆ ಹೋದದ್ದಕ್ಕೆ ಕ್ರೆಡಿಟ್; ಖರ್ಚು ನಷ್ಟಕ್ಕೆ ಡೆಬಿಟ್, ಆದಾಯ ಲಾಭಕ್ಕೆ ಕ್ರೆಡಿಟ್. ಎರಡು ದಾರಿಯಲ್ಲಿ ಹೋದರೂ ಉತ್ತರ ಒಂದೇ. ಆದರೆ ಒಂದೇ ಸಾರಾಂಶದಲ್ಲಿ ಎರಡನ್ನೂ ಕಲಸಬೇಡಿ. ನಿಮ್ಮ ಮೇಷ್ಟ್ರು ಲೆಕ್ಕ ಮಾಡಿಸುವಾಗ ಯಾವುದನ್ನು ಬಳಸಿದರೋ ಅದನ್ನು ಮುಖ್ಯವಾಗಿಡಿ. ಇನ್ನೊಂದನ್ನು ಪುಟದ ಕೊನೆಯಲ್ಲಿ ಚಿಕ್ಕದಾಗಿ ಬರೆದಿಡಿ.

ಪಾಸ್‌ಬುಕ್ ಪ್ರಶ್ನೆ

ಯಾವ ತರಗತಿಯಲ್ಲೂ ಒಬ್ಬರಾದರೂ ಕೇಳುವ ಪ್ರಶ್ನೆ ಇದು. "ಸಾರ್, ನಾನು ಬ್ಯಾಂಕಿಗೆ ಹಣ ಕಟ್ಟಿದರೆ ಪಾಸ್‌ಬುಕ್‌ನಲ್ಲಿ ಕ್ರೆಡಿಟ್ ಅಂತ ಬರುತ್ತೆ. ನೀವು ಡೆಬಿಟ್ ಅಂತೀರಿ?" ಇದಕ್ಕೆ ಕೊಟ್ಟ ಉತ್ತರವನ್ನು ಸಾರಾಂಶದಿಂದ ಬಿಡಲೇಬೇಡಿ. ಇಡೀ ಪಾಠ ಇದರಲ್ಲೇ ಇದೆ.

2ನೇ ತಾರೀಖಿನ 30,000 ತೆಗೆದುಕೊಳ್ಳಿ. ಅಂಗಡಿಯ ಪುಸ್ತಕದಲ್ಲಿ ಬ್ಯಾಂಕಿನಲ್ಲಿರುವ ಹಣ ಅಂಗಡಿಯ ಆಸ್ತಿ. ಆಸ್ತಿ ಜಾಸ್ತಿಯಾಯಿತು, ಹಾಗಾಗಿ ಬ್ಯಾಂಕ್ ಖಾತೆ ಡೆಬಿಟ್. ಪಾಸ್‌ಬುಕ್ ಅಂಗಡಿಯ ಪುಸ್ತಕವಲ್ಲ, ಬ್ಯಾಂಕಿನ ಪುಸ್ತಕದ ನಕಲು. ಬ್ಯಾಂಕಿಗೆ ಆ 30,000 ಎಂದಾದರೂ ವಾಪಸ್ ಕೊಡಬೇಕಾದ ಸಾಲ. ಸಾಲ ಜಾಸ್ತಿಯಾಯಿತು, ಹಾಗಾಗಿ ಅವರ ಪುಸ್ತಕದಲ್ಲಿ ಕ್ರೆಡಿಟ್. 20ನೇ ತಾರೀಖಿನ 10,000ದ ಚೆಕ್ ಪಾಸಾದಾಗ ಪಾಸ್‌ಬುಕ್‌ನಲ್ಲಿ ಡೆಬಿಟ್ ಬೀಳುತ್ತದೆ, ಅಂಗಡಿಯ ಪುಸ್ತಕದಲ್ಲಿ ಬ್ಯಾಂಕ್ ಖಾತೆ ಕ್ರೆಡಿಟ್ ಆಗುತ್ತದೆ. ಸಾರಾಂಶದಲ್ಲಿ ಇದನ್ನು ಎರಡು ಪಟ್ಟಿಯಾಗಿ ಅಕ್ಕಪಕ್ಕ ಬರೆಯಿರಿ: "ನಮ್ಮ ಪುಸ್ತಕ", "ಬ್ಯಾಂಕಿನ ಪುಸ್ತಕ".

ಎಂಟ್ರಿ ಬರೆಯುವ ರೀತಿ

ಈಗ ಕಥೆಯನ್ನು ಎಂಟ್ರಿ ಮಾಡಿ. ಮೊದಲ ಪುಟದಲ್ಲಿ ಎಂಟೂ ಎಂಟ್ರಿ ಬರಲಿ. "ಟು" ಪದವನ್ನು ಕನ್ನಡ ಸಾರಾಂಶದಲ್ಲಿ ಬಿಟ್ಟುಬಿಡಿ. ಡೆಬಿಟ್ ಖಾತೆಯನ್ನು ಸಾಲಿನ ಮೊದಲಿಗೆ ಬರೆದು, ಕ್ರೆಡಿಟ್ ಖಾತೆಯನ್ನು ಕೆಳಗಿನ ಸಾಲಿನಲ್ಲಿ ಸ್ವಲ್ಪ ಒಳಗೆ ಸರಿಸಿ ಬರೆಯಿರಿ. ಅದರ ಕೆಳಗೆ ಕಾರಣ.

```
ಜೂನ್ 14
ಟ್ಯೂಷನ್ ಸೆಂಟರ್ ಖಾತೆ   ಡೆಬಿಟ್     4,000
     ಮಾರಾಟ ಖಾತೆ      ಕ್ರೆಡಿಟ್    4,000
(ಉದ್ರಿ ಮಾರಾಟ. ನಮಗೆ ಬರಬೇಕಾದದ್ದು ಜಾಸ್ತಿಯಾಯಿತು.)
```

ಈ ಎಂಟ್ರಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಹಣ ಬಂದೇ ಇಲ್ಲ, ಆದರೂ ಮಾರಾಟ ಬರೆದಾಯಿತು. ಹಣ ಕೈಗೆ ಬಂದಾಗ ಮಾತ್ರ ಬರೆಯಬೇಕು ಎಂದುಕೊಂಡವರು ಇದನ್ನು ಬಿಟ್ಟುಬಿಡುತ್ತಾರೆ. 3ನೇ ತಾರೀಖಿನದೂ ಹಾಗೇ. ಖರೀದಿ ಖಾತೆ ಡೆಬಿಟ್, ಹೋಲ್‌ಸೇಲ್ ಅಂಗಡಿ ಖಾತೆ ಕ್ರೆಡಿಟ್, ನಗದಿನ ಸುದ್ದಿಯೇ ಇಲ್ಲ. 20ಕ್ಕೆ ಚೆಕ್ ಕೊಟ್ಟಾಗ ಮತ್ತೆ ಖರೀದಿ ಬರೆಯುವ ತಪ್ಪು ತುಂಬ ಸಾಮಾನ್ಯ. ಅಂದು ಖರೀದಿ ಆಗಿಲ್ಲ, ಸಾಲ ತೀರಿದೆ. ಹೋಲ್‌ಸೇಲ್ ಅಂಗಡಿ ಖಾತೆ ಡೆಬಿಟ್, ಬ್ಯಾಂಕ್ ಖಾತೆ ಕ್ರೆಡಿಟ್.

ಪರೀಕ್ಷೆಯಲ್ಲಿ ಮಾತ್ರ ಕಾಲೇಜಿನಲ್ಲಿ ಹೇಳಿದ ನಮೂನೆಯಲ್ಲೇ, "ಟು" ಸಮೇತ ಬರೆಯಿರಿ.

ಲೆಡ್ಜರ್‌ಗೆ ಬಂದಾಗ ಎಲ್ಲ ಖಾತೆಗಳನ್ನೂ ಸಾರಾಂಶಕ್ಕೆ ಎಳೆದು ತರಬೇಡಿ, ಎರಡು ಪುಟ ಸಾಲುವುದಿಲ್ಲ. ನಗದು ಖಾತೆಯೊಂದನ್ನು ಪೂರ್ತಿ ಬರೆಯಿರಿ. ಎಡಗಡೆ 50,000 ಮತ್ತು 9,000, ಒಟ್ಟು 59,000. ಬಲಗಡೆ ಬ್ಯಾಂಕಿಗೆ ಹೋದ 30,000, ಮನೆಗೆ ಒಯ್ದ 1,500, ಬಾಡಿಗೆ 3,000, ಒಟ್ಟು 34,500. ಉಳಿದದ್ದು 24,500. ಜೂನ್ 30ರ ರಾತ್ರಿ ಗಲ್ಲಾಪೆಟ್ಟಿಗೆ ಎಣಿಸಿದರೆ ಇಷ್ಟೇ ಇರಬೇಕು. ಉಳಿದ ಖಾತೆಗಳದು ಬರೀ ಕೊನೆಯ ಬಾಕಿ ಸಾಕು.

ಸಾರಾಂಶ ಸರಿಯಿದೆಯೇ ಎಂದು ಲೆಕ್ಕವೇ ಹೇಳುತ್ತದೆ

ಚರಿತ್ರೆಯ ಪಾಠದ ಸಾರಾಂಶ ಸರಿಯಿದೆಯೇ ಎಂದು ತಿಳಿಯಲು ಇನ್ನೊಬ್ಬರನ್ನು ಕೇಳಬೇಕು. ಇಲ್ಲಿ ನೀವೇ ತಾಳೆ ನೋಡಬಹುದು. ಮೇಷ್ಟ್ರ ಬೋರ್ಡ್ ನೋಡದೆ, ನಿಮ್ಮ ಸಾರಾಂಶದಿಂದಲೇ ತಾಳೆಪಟ್ಟಿ ಕಟ್ಟಿ:

| ಖಾತೆ | ಡೆಬಿಟ್ | ಕ್ರೆಡಿಟ್ |
|---|---|---|
| ನಗದು | 24,500 | |
| ಬ್ಯಾಂಕ್ | 20,000 | |
| ಖರೀದಿ | 18,000 | |
| ಟ್ಯೂಷನ್ ಸೆಂಟರ್ | 4,000 | |
| ಬಾಡಿಗೆ | 3,000 | |
| ಡ್ರಾಯಿಂಗ್ಸ್ | 1,500 | |
| ಬಂಡವಾಳ | | 50,000 |
| ಮಾರಾಟ | | 13,000 |
| ಹೋಲ್‌ಸೇಲ್ ಅಂಗಡಿ | | 8,000 |
| ಒಟ್ಟು | 71,000 | 71,000 |

ಎರಡು ಕಡೆ ಸಮ ಬಾರದಿದ್ದರೆ ಗಾಬರಿ ಬೇಡ. ಮೊದಲು ಕೂಡಿದ್ದು ಸರಿಯೇ ನೋಡಿ, ಆಮೇಲೆ ವ್ಯತ್ಯಾಸ ಎಷ್ಟು ನೋಡಿ. 900 ಬಂತು ಅನ್ನಿ. 9ರಿಂದ ಭಾಗಿಸಿದರೆ ಶೇಷ ಉಳಿಯದೆ 100 ಬರುತ್ತದೆ. ಹೀಗಾದರೆ ಅಂಕಿ ಹಿಂದುಮುಂದಾಗಿರುವ ಸಾಧ್ಯತೆ ಇದೆ. ಹುಡುಕಿದರೆ ನಗದು 24,500ರ ಬದಲು 25,400 ಎಂದು ಬರೆದಿರುತ್ತೀರಿ.

ವ್ಯತ್ಯಾಸ 3,000 ಬಂದರೆ ಅನುಮಾನ ಎರಡು. ಕ್ರೆಡಿಟ್ ಕಡೆ 71,000 ಸರಿಯಾಗಿದ್ದು, ಡೆಬಿಟ್ ಕಡೆ 68,000 ಇದ್ದರೆ 3,000ದ ಬಾಡಿಗೆ ಬಿಟ್ಟುಹೋಗಿರಬಹುದು. ಡೆಬಿಟ್ 69,500, ಕ್ರೆಡಿಟ್ 72,500 ಆಗಿದ್ದರೆ ವ್ಯತ್ಯಾಸದ ಅರ್ಧ ಹುಡುಕಿ. ಅರ್ಧ ಅಂದರೆ 1,500, ಡ್ರಾಯಿಂಗ್ಸ್. ಅದು ತಪ್ಪಿ ಬಲಗಡೆ ಕೂತಿದೆ. ಕಡೆ ತಪ್ಪಿದರೆ ಒಂದು ಕಡೆ 1,500 ಕಡಿಮೆ, ಇನ್ನೊಂದು ಕಡೆ 1,500 ಜಾಸ್ತಿ. ಅದಕ್ಕೇ ವ್ಯತ್ಯಾಸ ದುಪ್ಪಟ್ಟು.

ಆದರೆ 71,000 ಎರಡು ಕಡೆ ಬಂದ ಕೂಡಲೇ ಪುಸ್ತಕ ಮುಚ್ಚಬೇಡಿ. ಮನೆಗೆ ಒಯ್ದ 1,500ನ್ನು ಬಾಡಿಗೆ ಖಾತೆಗೆ ಸೇರಿಸಿದ್ದರೂ ತಾಳೆ ಸರಿಯೇ ಬರುತ್ತದೆ. ಉದ್ರಿ ಮಾರಾಟದ ಎಂಟ್ರಿಯನ್ನು ಪೂರ್ತಿ ಮರೆತಿದ್ದರೆ ಎರಡು ಕಡೆಯೂ 67,000 ಆಗಿ, ಆಗಲೂ ಸಮ. ತಾಳೆಪಟ್ಟಿ ಎರಡು ಕಡೆಯ ಮೊತ್ತ ಸಮ ಇದೆಯೇ ಎಂದಷ್ಟೇ ನೋಡುತ್ತದೆ. ಸರಿಯಾದ ಖಾತೆಗೆ ಹೋಯಿತೇ, ಎಲ್ಲ ವ್ಯವಹಾರ ಬಂತೇ ಎಂದು ನೋಡುವುದಿಲ್ಲ. ಹಾಗಾಗಿ ತರಗತಿಯಲ್ಲಿ ಬರೆದುಕೊಂಡ ಹಾಳೆಯ ಎಂಟು ಸಾಲಿಗೂ ಸಾರಾಂಶದ ಎಂಟು ಎಂಟ್ರಿಗೂ ಪೆನ್ಸಿಲ್‌ನಲ್ಲಿ ಒಂದೊಂದಾಗಿ ಟಿಕ್ ಹಾಕುತ್ತಾ ಬನ್ನಿ. ಐದು ನಿಮಿಷದ ಕೆಲಸ.

ಇನ್ನೊಂದು ಪರೀಕ್ಷೆ ಇದೆ. ಕಾಮರ್ಸ್ ಓದದ ಯಾರಿಗಾದರೂ ಮೊದಲ ಮೂರು ವ್ಯವಹಾರ ಓದಿ ಹೇಳಿ. ಅವರು ತಡೆದು "ಅಂದ್ರೆ?" ಎಂದು ಕೇಳಿದ ಜಾಗದಲ್ಲಿ ನಿಮ್ಮ ವಾಕ್ಯ ಇನ್ನೂ ಪುಸ್ತಕದ ಭಾಷೆಯಲ್ಲೇ ಇದೆ. ಅದನ್ನು ತಿದ್ದಿ.

ಕೊನೆಗೆ ಒಂದು ಸಾಲು ಜಾಗ ಬಿಡಿ

ಸಾರಾಂಶ ಮುಗಿದ ಮೇಲೆ ಹುಡುಗರು ಮಾಡುವ ಒಂದು ಕೆಲಸ ನನಗೆ ಗೊತ್ತು. ತಾಳೆಪಟ್ಟಿ ನೋಡಿ ಲಾಭ ಹುಡುಕುತ್ತಾರೆ. ಮಾರಾಟ 13,000, ಖರೀದಿ 18,000, ಮೇಲೆ ಬಾಡಿಗೆ 3,000. "ಸಾರ್, ಎಂಟು ಸಾವಿರ ಲಾಸ್!" ಅಂತ ಬರೆದೂಬಿಡುತ್ತಾರೆ. ಅದು ಸರಿಯಲ್ಲ. ತಂದ ಸರಕೆಲ್ಲ ಮಾರಿ ಹೋಗಿಲ್ಲ. ಉಳಿದ ಪುಸ್ತಕಗಳು ಅಂಗಡಿಯ ಶೆಲ್ಫ್‌ನಲ್ಲೇ ಇವೆ, ಅವುಗಳ ಬೆಲೆ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕೊಂಡ ಬೆಲೆಯಲ್ಲಿ 9,000ದ ಸರಕು ಉಳಿದಿದ್ದರೆ ಮಾರಿದ ಸರಕಿನ ಅಸಲು 9,000 ಮಾತ್ರ. 13,000ದಲ್ಲಿ ಅದನ್ನು ಕಳೆದು, ಬಾಡಿಗೆಯನ್ನೂ ಕಳೆದರೆ 1,000 ಲಾಭವೇ ಇದೆ.

ಹಾಗಾಗಿ ಎರಡನೇ ಪುಟದ ಕೆಳಗೆ ಪೆನ್ಸಿಲ್‌ನಲ್ಲಿ ಈ ಪ್ರಶ್ನೆ ಬರೆದು, ಮುಂದಿನ ತರಗತಿಯಲ್ಲಿ ಕೈ ಎತ್ತಿ ಕೇಳಿ: "ಜೂನ್ 30ಕ್ಕೆ ಮಾರದೆ ಉಳಿದ ಸರಕು ಎಷ್ಟು ರೂಪಾಯಿಯದು, ಅದನ್ನು ಎಲ್ಲಿ ಬರೆಯಬೇಕು?"